40 ಕಂಬ, 40 ಬಣ್ಣ, ಒಂದು ಕತ್ತು ನೋವು

ಈ ವರ್ಷದ ವರದಿಯೂ ಬಂತು. ನೀವೂ ನೋಡಿರ್ತೀರಿ ಬಿಡಿ. 40 ಇಲಾಖೆ, ಯಾವ ಇಲಾಖೆಯ ಮೇಲೆ ಎಷ್ಟು ದೂರು ಅನ್ನುವ ಅದೇ ಚಾರ್ಟ್. ಪುಟದ ತುಂಬಾ ದಪ್ಪ ದಪ್ಪ ಕಂಬಗಳು, ನಡುವೆ ಉಸಿರಾಡೋಕೂ ಜಾಗ ಇಲ್ಲ. ಮಾಹಿತಿ ಹೊರಗೆ ಬರಬಾರದು ಅಂತಲೇ ಕಾಂಪೌಂಡ್ ಗೋಡೆ ಕಟ್ಟಿದಂತಿದೆ.

ಬಣ್ಣಗಳ ಬಗ್ಗೆ ಎರಡು ಮಾತು ಹೊಗಳಲೇಬೇಕು. ಒಂದೊಂದು ಇಲಾಖೆಗೆ ಒಂದೊಂದು ಬಣ್ಣ ಕೊಟ್ಟಿದ್ದಾರೆ, ಯಾರಿಗೂ ಬೇಜಾರಾಗದಂತೆ. ಯಾವ ಬಣ್ಣ ಯಾರದು ಅಂತ ಹೇಳುವ ಪಟ್ಟಿ ಪಕ್ಕದಲ್ಲಿದೆ. ಅದರಲ್ಲಿ ತಿಳಿ ಹಸಿರು, ಇನ್ನೂ ತಿಳಿ ಹಸಿರು, ಬಹುಶಃ ಹಸಿರು ಅಂತ ಮೂರು ಚೌಕಗಳಿವೆ. ಆ ಮೂರರಲ್ಲಿ ನಮ್ಮ ಕಂಬದ ಬಣ್ಣ ಯಾವುದು ಅಂತ ಗುರುತಿಸುವವರಿಗೆ ದೃಷ್ಟಿ ಪರೀಕ್ಷೆ ಮಾಡಿಸುವ ಖರ್ಚು ಉಳಿಯಿತು. ಬಣ್ಣ ಬೇಡ ಅನ್ನುವವರಿಗೆ ಕೆಳಗೆ ಹೆಸರುಗಳೂ ಇವೆ, ಉದ್ದುದ್ದ ಇರುವುದರಿಂದ ಅಡ್ಡಲಾಗಿ ಹಿಡಿಸದೆ ನೆಟ್ಟಗೆ ನಿಲ್ಲಿಸಿದ್ದಾರೆ. ಕತ್ತು ವಾಲಿಸಿ ಓದಿ, ಕತ್ತು ಸರಿ ಮಾಡಿ, ಕಂಬ ಹುಡುಕಿ. ಅಷ್ಟರಲ್ಲಿ ಯಾವ ಹೆಸರು ಓದಿದ್ದು ಅನ್ನೋದು ಮರೆತಿರುತ್ತೆ.

ವಿಲಿಯಂ ಪ್ಲೇಫೇರ್ ಅನ್ನುವವನು 1786ರಲ್ಲಿ ಸ್ಕಾಟ್ಲೆಂಡಿನ ಆಮದು ರಫ್ತುಗಳನ್ನು ಬಾರ್ ಚಾರ್ಟ್ ಮಾಡಿ ಅಚ್ಚು ಹಾಕಿಸಿದ. 17 ಕಡೆಯ ವ್ಯಾಪಾರ ಅದರಲ್ಲಿತ್ತು. ಬಾರ್‌ಗಳನ್ನು ಅಡ್ಡಲಾಗಿ ಮಲಗಿಸಿದ್ದ, ಹೆಸರುಗಳನ್ನೂ ಅಡ್ಡಲಾಗಿಯೇ ಬರೆದಿದ್ದ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ತಾಮ್ರದ ತಗಡಿನ ಮೇಲೆ ಕೊರೆದು. ಅಲ್ಲಿಂದ ಇಷ್ಟು ಮುಂದುವರಿದು ನಾವು ಕತ್ತು ವಾಲಿಸುವ ಮಟ್ಟಕ್ಕೆ ಬಂದಿದ್ದೇವೆ.

ಇದಕ್ಕೊಂದು ಸರಳ ದಾರಿ ಇದೆ, ಹೆಸರು ಲಾಲಿಪಾಪ್ ಚಾರ್ಟ್. ದಪ್ಪ ಬಾರ್ ಬದಲು ಒಂದು ತೆಳ್ಳನೆ ಕಡ್ಡಿ, ಅದರ ತುದಿಗೆ ಒಂದು ಗುಂಡು, ಅಷ್ಟೇ. ಲೆಕ್ಕ ಹಾಕಿ ನೋಡಿ. 200 ಪಿಕ್ಸೆಲ್ ಉದ್ದ, 12 ಪಿಕ್ಸೆಲ್ ದಪ್ಪದ ಒಂದು ಬಾರ್‌ಗೆ 2,400 ಪಿಕ್ಸೆಲ್ ಬಣ್ಣ ಬಳಿಯಬೇಕು. ಅದೇ ಉದ್ದಕ್ಕೆ ಒಂದು ಪಿಕ್ಸೆಲ್ ಕಡ್ಡಿ ಎಳೆದು, 8 ಪಿಕ್ಸೆಲ್ ಅಗಲದ ಗುಂಡು ಇಟ್ಟರೆ ಹೆಚ್ಚುಕಡಿಮೆ 250ರಲ್ಲಿ ಮುಗಿಯಿತು. ಹೇಳುವ ವಿಷಯ ಒಂದೇ, ಬಳಿದ ಬಣ್ಣ ಹತ್ತರಲ್ಲೊಂದು. ನಾಲ್ಕೈದು ಬಾರ್ ಇದ್ದಾಗ ಇದರಿಂದ ಏನೂ ವ್ಯತ್ಯಾಸ ಆಗಲ್ಲ, ಬಾರ್ ಚಾರ್ಟೇ ಚೆನ್ನಾಗಿರುತ್ತೆ. 40 ಇದ್ದಾಗ ಮಾತ್ರ ಕಣ್ಣಿಗೆ ಬಿಡುವು ಸಿಗುತ್ತೆ. ಒಂದೇ ಅಳತೆಯ ದಪ್ಪ ಬಾರ್‌ಗಳು ಒತ್ತೊತ್ತಾಗಿ ನಿಂತರೆ ಅವುಗಳ ನಡುವಿನ ಬಿಳಿ ಸಂದುಗಳು ಕಣ್ಣು ಕುಕ್ಕೋಕೆ ಶುರು ಮಾಡುತ್ತವೆ, ಚಾರ್ಟ್ ಸುಮ್ನೆ ಅಲುಗಾಡಿದಂತೆ ಕಾಣುತ್ತೆ. ಕಡ್ಡಿ ತೆಳುವಾಗಿ ಹಿಂದಕ್ಕೆ ಸರಿದರೆ ಕಣ್ಣು ನೇರವಾಗಿ ಗುಂಡಿನ ಮೇಲೆ ಕೂರುತ್ತೆ. ಎಲ್ಲಕ್ಕೂ ಒಂದೇ ಬೂದು ಬಣ್ಣ ಸಾಕು. ಯಾವ ಇಲಾಖೆಯ ಬಗ್ಗೆ ಮಾತಾಡ್ತಿದ್ದೀರೋ ಅದೊಂದಕ್ಕೆ ಕೆಂಪು.

"ಸರ್, ಬಣ್ಣ ಇಲ್ಲ ಅಂದ್ರೆ ಪುಟ ಖಾಲಿ ಖಾಲಿ ಅನ್ಸುತ್ತೆ" ಅಂತಾರೆ. ಅನ್ನಿಸಲಿ ಬಿಡಿ ಮಾರಾಯ್ರೇ.

ಆದರೆ ಕಂಬ ತೆಳ್ಳಗೆ ಮಾಡಿದರೂ ಈ ವರದಿಯ ನಿಜವಾದ ಕಾಯಿಲೆ ಹೋಗಲ್ಲ. ಇಲಾಖೆಗಳನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಿದ್ದಾರೆ. ಎಷ್ಟು ನ್ಯಾಯವಂತರು ನೋಡಿ, ಅಕಾರದಿಂದ ಶುರುವಾಗುವ ಇಲಾಖೆ ಎಷ್ಟೇ ದೂರು ತಿಂದರೂ ಮೊದಲು. ಉದ್ದದ ಕಂಬದ ಪಕ್ಕ ಗಿಡ್ಡ ಕಂಬ, ಮತ್ತೆ ಉದ್ದ, ಮತ್ತೆ ಎರಡು ಗಿಡ್ಡ. ಹತ್ತನೇ ಸ್ಥಾನ ಯಾರದು, ಹನ್ನೊಂದನೇದು ಯಾರದು ಅಂತ ಹೇಳಬೇಕಾದರೆ ಸ್ಕೇಲ್ ಇಟ್ಟು ಅಳೆಯಬೇಕು. ದೂರಿನ ಸಂಖ್ಯೆಯ ಪ್ರಕಾರ ಜೋಡಿಸೋಕೆ ಯಾವ ಸಾಫ್ಟ್‌ವೇರ್‌ನಲ್ಲಾದರೂ ಎರಡು ಕ್ಲಿಕ್ ಸಾಕು. ಆ ಎರಡು ಕ್ಲಿಕ್ ಯಾರಿಗೂ ಗೊತ್ತಿಲ್ಲ ಅಂತ ನಂಬುವ ವಯಸ್ಸು ನನ್ನದಲ್ಲ. ಜೋಡಿಸಿದರೆ ಮೇಲ್ಗಡೆ ಯಾರ ಹೆಸರು ಬರುತ್ತೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು, ಅದಕ್ಕೇ ಜೋಡಿಸಲ್ಲ. ಜನ ಕೇಳೋದು ಒಂದೇ ಪ್ರಶ್ನೆ, ಅತಿ ಕೆಟ್ಟದಾಗಿ ಕೆಲಸ ಮಾಡ್ತಿರೋದು ಯಾರು ಅಂತ. ಅದನ್ನು ಬಣ್ಣ ಬಳಿದು, ಅಕ್ಷರದ ಹಿಂದೆ ಅಡಗಿಸಿ, ಪಾರದರ್ಶಕತೆ ಅಂತ ಮುಖಪುಟದಲ್ಲಿ ಅಚ್ಚು ಹಾಕ್ತಾರೆ. ನಗೋಕೂ ಸುಸ್ತಾಗುತ್ತೆ.

ಸರಿ, ಮುಂದಿನ ವರ್ಷ ಯಾರಾದರೂ ಒಬ್ಬ ಹುಡುಗ ಲಾಲಿಪಾಪ್ ಕಲಿತು ಬರ್ತಾನೆ ಅಂತ ಇಟ್ಟುಕೊಳ್ಳಿ. ಆಮೇಲೆ ಶುರು ನೋಡಿ ಹಬ್ಬ. ಗುಂಡು ಚಿಕ್ಕದಾಯ್ತು, ದೊಡ್ಡದು ಮಾಡಿ. ಒಳಗೆ ಇಲಾಖೆಯ ಲೋಗೋ ಹಾಕಿ. ದೂರು ಜಾಸ್ತಿ ಇದ್ದವರ ಗುಂಡು ಇನ್ನೂ ದಪ್ಪ ಇರಲಿ. ಬೆಲೆ, ಅಂದರೆ ಚಾರ್ಟ್ ತೋರಿಸಬೇಕಾದ ಸಂಖ್ಯೆ, ಇರೋದು ಗುಂಡಿನ ನಡುವಿನಲ್ಲಿ, ಗುಂಡಿನ ಅರ್ಧ ಯಾವಾಗಲೂ ಆ ಬೆಲೆಯಿಂದ ಆಚೆ ಚಾಚಿರುತ್ತೆ. ಬಾರ್‌ಗೆ ಈ ತೊಂದರೆ ಇಲ್ಲ, ಅದರ ಅಂಚು ಎಲ್ಲಿ ನಿಂತಿತೋ ಅಲ್ಲೇ ಬೆಲೆ. ಗುಂಡು ಊದಿದಷ್ಟೂ ಓದುವವನು ಎಡವುತ್ತಾನೆ. ಎರಡೇ ದೂರು ಬಂದ ಪಾಪದ ಇಲಾಖೆಯ ಗುಂಡು ತನ್ನ ಕಡ್ಡಿಯನ್ನೇ ನುಂಗಿ ಸೊನ್ನೆಯ ಆಚೆ ಇಣುಕುತ್ತೆ.

ಎಷ್ಟು ಎಡವಬಹುದು ಅಂತ ನೋಡೋಕೆ ಇಲಾಖೆಗಳನ್ನು ಬಿಟ್ಟು ಬೆಟ್ಟಗಳಿಗೆ ಹೋಗೋಣ, ಬೆಟ್ಟಗಳು ಸ್ಪಷ್ಟೀಕರಣ ಕೊಡಲ್ಲ. ಭೂಮಿ ಮೇಲೆ 8,000 ಮೀಟರ್ ದಾಟಿದ ಶಿಖರಗಳು 14. ಎವರೆಸ್ಟ್ 8,849, ಕೆ2 8,611, ಹೀಗೆ ಇಳಿಯುತ್ತಾ ಕೊನೆಗೆ ಶಿಶಾಪಾಂಗ್ಮಾ 8,027. ಸೊನ್ನೆಯಿಂದ 9,000ವರೆಗೆ 450 ಪಿಕ್ಸೆಲ್ ಅಗಲದ ಚಾರ್ಟ್ ಮಾಡಿ. ಒಂದು ಪಿಕ್ಸೆಲ್ ಅಂದರೆ 20 ಮೀಟರ್. 10 ಪಿಕ್ಸೆಲ್‌ನ ಸಾಧಾರಣ ಗುಂಡು ಇಟ್ಟರೂ ಅದರ ಅಗಲವೇ 200 ಮೀಟರ್ ಆಯ್ತು. ಆರನೇ ಸ್ಥಾನದ ಚೋ ಓಯುವಿನಿಂದ ಹದಿನಾಲ್ಕನೇ ಶಿಶಾಪಾಂಗ್ಮಾವರೆಗೆ ಒಟ್ಟು ಇಳಿತ 161 ಮೀಟರ್. ಒಂಬತ್ತು ಮಹಾ ಪರ್ವತಗಳು ಒಂದು ಗುಂಡಿನ ಅಗಲದೊಳಗೆ! ಧೌಲಗಿರಿಗೂ ಮನಸ್ಲುವಿಗೂ 4 ಮೀಟರ್ ವ್ಯತ್ಯಾಸ, ಅಂದರೆ ಪಿಕ್ಸೆಲ್ಲಿನ ಐದನೇ ಒಂದು ಭಾಗ. ಚಾರ್ಟಿನಲ್ಲಿ ಕಾಣೋದು 14 ಉದ್ದ ಕಡ್ಡಿಗಳು, ಎಲ್ಲಾ ಹೆಚ್ಚುಕಡಿಮೆ ಸಮ.

ಇದನ್ನು ನೋಡಿದ ಬುದ್ಧಿವಂತರು ಕಡ್ಡಿಯನ್ನು 8,000ದಿಂದ ಶುರು ಮಾಡ್ತಾರೆ. ವ್ಯತ್ಯಾಸ ಎದ್ದು ಕಾಣುತ್ತೆ, ಜಾಸ್ತಿಯೇ ಕಾಣುತ್ತೆ. ಎವರೆಸ್ಟ್ ಕಡ್ಡಿ 849, ಶಿಶಾಪಾಂಗ್ಮಾದ ಕಡ್ಡಿ 27. ಒಂದು ಶಿಖರ ಇನ್ನೊಂದಕ್ಕಿಂತ 31 ಪಟ್ಟು ಎತ್ತರ ಅಂತ ಕಣ್ಣು ನಂಬುತ್ತೆ, ಯಾಕಂದ್ರೆ ಕಡ್ಡಿ ಇದ್ದ ಮೇಲೆ ಅದರ ಉದ್ದ ಅಳೆಯೋದೇ ಕಣ್ಣಿನ ಕೆಲಸ. ಕಡ್ಡಿ ಇಟ್ಟರೆ ಸೊನ್ನೆಯಿಂದಲೇ ಶುರು ಮಾಡಬೇಕು, ಬಾರ್‌ಗೆ ಇರುವ ನಿಯಮವೇ ಇದಕ್ಕೂ.

ಹಾಗಾದರೆ ಬೆಟ್ಟಗಳಿಗೆ ಏನು ಮಾಡೋದು? ಕಡ್ಡಿ ಕಿತ್ತು ಹಾಕಿ, ಗುಂಡು ಚಿಕ್ಕದು ಮಾಡಿ. ಬರೀ ಚುಕ್ಕೆ ಉಳಿಸಿಕೊಂಡರೆ ಸ್ಕೇಲ್ 8,000ದಿಂದ ಶುರುವಾದರೂ ಮೋಸ ಇಲ್ಲ, ಅಲ್ಲಿ ಕಣ್ಣು ನೋಡೋದು ಉದ್ದವನ್ನಲ್ಲ, ಚುಕ್ಕೆ ಎಲ್ಲಿದೆ ಅನ್ನೋದನ್ನ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಅನ್ನುವ ಸಂಶೋಧಕರು 1984ರಲ್ಲಿ ಜನರನ್ನು ಕೂರಿಸಿ ಪರೀಕ್ಷೆ ಮಾಡಿಯೇ ಹೇಳಿದ್ದಾರೆ, ಒಂದೇ ಸ್ಕೇಲ್ ಮೇಲಿನ ಜಾಗವನ್ನು ಜನ ಎಲ್ಲಕ್ಕಿಂತ ಸರಿಯಾಗಿ ಓದ್ತಾರೆ ಅಂತ. 8,000ದಿಂದ 9,000ವರೆಗೆ ಅದೇ 450 ಪಿಕ್ಸೆಲ್ ಹಾಸಿದರೆ ಒಂದು ಪಿಕ್ಸೆಲ್‌ಗೆ ಎರಡು ಮೀಟರ್ ಚಿಲ್ಲರೆ. ಆ ಒಂಬತ್ತು ಪರ್ವತಗಳು 70 ಪಿಕ್ಸೆಲ್ ಉದ್ದಕ್ಕೆ ಹರಡಿಕೊಂಡು ಮುಖ ತೋರಿಸುತ್ತವೆ.

ಇದನ್ನ ಮೀಟಿಂಗ್‌ಗೆ ತಗೊಂಡು ಹೋಗಿ ತೋರಿಸಿ ನೋಡಿ. ಐದು ನಿಮಿಷ ಎಲ್ಲರೂ ಪರದೆ ನೋಡ್ತಾರೆ. ಆಮೇಲೆ ಹಿರಿಯರೊಬ್ಬರು ಗಂಟಲು ಸರಿ ಮಾಡಿಕೊಂಡು, "ಎಲ್ಲಾ ಚೆನ್ನಾಗಿದೆ ಕಣಪ್ಪ, ಕಡ್ಡಿ ಎಳೆಯೋದು ಮರೆತುಬಿಟ್ಟಿದ್ದೀಯಲ್ಲ" ಅಂತಾರೆ.