ಟೈಮ್‌ಔಟ್ ಏರಿಸಿದ ಮಾತ್ರಕ್ಕೆ ಡಬಲ್ ರೀಫಂಡ್ ನಿಲ್ಲಲ್ಲ

ಇವತ್ತು ಮತ್ತೆ ಅದೇ ಸಲಹೆ ಕಣ್ಣಿಗೆ ಬಿತ್ತು: "ಒಂದೇ ಮೆಸೇಜ್ ಎರಡು ಸಲ ಪ್ರೊಸೆಸ್ ಆಗ್ತಿದೆಯಾ? ವಿಸಿಬಿಲಿಟಿ ಟೈಮ್‌ಔಟ್ ಆರು ಗಂಟೆ ಇಡಿ, ಮುಗೀತು." ಮುಗಿಯಲ್ಲ ಮಾರಾಯ್ರೇ. ಹೀಗೆ ಹೇಳೋರನ್ನ ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ.

ಅಮೆಜಾನ್‌ನ ಮೆಸೇಜ್ ಕ್ಯೂ ಸೇವೆ ಎಸ್‌ಕ್ಯೂಎಸ್ ಅನ್ನೇ ತಗೊಳ್ಳಿ. ಕೆಲಸ ಮಾಡೋ ಪ್ರೋಗ್ರಾಂ, ಅಂದರೆ ವರ್ಕರ್, ಮೆಸೇಜ್ ಎತ್ತಿಕೊಂಡಾಗ ಅದು ಕ್ಯೂನಿಂದ ಅಳಿಸಿ ಹೋಗಲ್ಲ, ಉಳಿದ ವರ್ಕರ್‌ಗಳಿಗೆ ಕಾಣದ ಹಾಗೆ ಇರುತ್ತೆ ಅಷ್ಟೇ. ಹೀಗೆ ಕಾಣದೆ ಇರೋ ಅವಧಿಯೇ ವಿಸಿಬಿಲಿಟಿ ಟೈಮ್‌ಔಟ್, ಏನೂ ಬದಲಿಸದಿದ್ದರೆ 30 ಸೆಕೆಂಡ್. ಅಷ್ಟರಲ್ಲಿ ಡಿಲೀಟ್ ಬರದಿದ್ದರೆ ಮತ್ತೆ ಕಾಣಿಸಿಕೊಳ್ಳುತ್ತೆ. ವರ್ಕರ್ ಬದುಕಿದೆಯೋ ಸತ್ತಿದೆಯೋ ಕ್ಯೂಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಗಡಿಯಾರ ಮಾತ್ರ.

ಈಗ ಒಂದು ರೀಫಂಡ್ ಕೆಲಸ ನೋಡಿ. ವರ್ಕರ್ ಪೇಮೆಂಟ್ ಗೇಟ್‌ವೇಗೆ ಹೇಳಿ ದುಡ್ಡು ವಾಪಸ್ ಕಳಿಸುತ್ತೆ, ಡೇಟಾಬೇಸ್‌ನಲ್ಲಿ ಬರೆಯುತ್ತೆ, ಕೊನೆಗೆ ಮೆಸೇಜ್ ಡಿಲೀಟ್ ಮಾಡುತ್ತೆ. ದುಡ್ಡು ಹೋದ ಮರುಕ್ಷಣವೇ ಮೆಮೊರಿ ಸಾಲದೆ ಕರ್ನಲ್ ಆ ಪ್ರೊಸೆಸ್‌ನ ಕೊಂದುಬಿಡ್ತು ಅಂದುಕೊಳ್ಳಿ. ಟೈಮ್‌ಔಟ್ 30 ಸೆಕೆಂಡ್ ಇದ್ದರೆ ಎರಡನೇ ರೀಫಂಡ್ ಬೇಗ ಹೋಗುತ್ತೆ, ಆರು ಗಂಟೆ ಇದ್ದರೆ ಆರು ಗಂಟೆ ತಡವಾಗಿ ಹೋಗುತ್ತೆ. ಹೋಗೋದಂತೂ ಗ್ಯಾರಂಟಿ. ಇನ್ನು ದುಡ್ಡು ಕಳಿಸೋ ಮೊದಲೇ ವರ್ಕರ್ ಸತ್ತಿದ್ದರೆ, ಪಾಪ, ಗ್ರಾಹಕರು ಸುಮ್ಮನೆ ಆರು ಗಂಟೆ ಕಾಯಬೇಕು. ಆ ಹೊತ್ತಲ್ಲಿ, ಎತ್ತಿಕೊಂಡು ಇನ್ನೂ ಡಿಲೀಟ್ ಆಗದ ಮೆಸೇಜ್‌ಗಳ ಲೆಕ್ಕ ಹೇಳೋ `ApproximateNumberOfMessagesNotVisible` ನೋಡಿದರೆ ಯಾರೋ ಕೆಲಸ ಮಾಡ್ತಿರೋ ಹಾಗೇ ಕಾಣುತ್ತೆ.

ಡಬಲ್ ರೀಫಂಡ್ ತಡೆಯೋದು ಐಡೆಂಪೊಟೆನ್ಸಿ ಕೀ: ಅದೇ ಕೀ ಮತ್ತೆ ಬಂದರೆ ಗೇಟ್‌ವೇ ಆ ಕೆಲಸವನ್ನ ಎರಡನೇ ಸಲ ಮಾಡಲ್ಲ. ಗೇಟ್‌ವೇ ಅದನ್ನ ಒಪ್ಪುತ್ತೆ ಅಂದರೆ ರೀಫಂಡ್ ಐಡಿಯನ್ನೇ ಕೀ ಆಗಿ ಕೊಡಿ. ಪ್ರತಿ ಪ್ರಯತ್ನಕ್ಕೂ ಹೊಸ ಯುಯುಐಡಿ ಹುಟ್ಟಿಸಬೇಡಿ. ಮೆಸೇಜ್ ಜೊತೆ ಕ್ಯೂ ಕೊಡೋ ರಿಸೀಟ್ ಹ್ಯಾಂಡಲ್ ಅಂತೂ ಬೇಡವೇ ಬೇಡ, ಮೆಸೇಜ್ ಎತ್ತಿಕೊಂಡಾಗಲೆಲ್ಲ ಅದು ಬದಲಾಗುತ್ತೆ.

"ಫೀಫೋ ಕ್ಯೂ ಹಾಕಿದರೆ ಈ ತಲೆನೋವೇ ಇಲ್ಲವಲ್ಲ" ಅಂತೀರಾ? ಬಂದ ಕ್ರಮದಲ್ಲೇ ಕೊಡೋ ಈ ಫೀಫೋನೂ ಟೈಮ್‌ಔಟ್ ಮುಗಿದರೆ ಮೆಸೇಜ್ ಮತ್ತೆ ಕೊಡುತ್ತೆ. ಸಾಲದ್ದಕ್ಕೆ, ಸತ್ತ ವರ್ಕರ್ ಹಿಡಿದಿದ್ದ ಮೆಸೇಜಿನ ಗ್ರೂಪ್‌ನಲ್ಲಿ ಹಿಂದಿರೋವೆಲ್ಲ ಅಲ್ಲಿವರೆಗೆ ನಿಂತೇ ಇರುತ್ತವೆ.

ಹಾಗಂತ ಟೈಮ್‌ಔಟ್ ತೀರಾ ಕಮ್ಮಿ ಇಟ್ಟರೂ ಎಡವಟ್ಟೇ. ಕೆಲಸಕ್ಕೆ ನಾಲ್ಕು ನಿಮಿಷ ಬೇಕು, ಟೈಮ್‌ಔಟ್ 30 ಸೆಕೆಂಡ್, ಎಷ್ಟು ಸಲ ಎತ್ತಿಕೊಳ್ಳಬಹುದು ಅನ್ನೋ `maxReceiveCount` 3 ಇದ್ದರೆ, ಮೊದಲ ವರ್ಕರ್ ಇನ್ನೂ ದುಡೀತಿರುವಾಗಲೇ ಮೆಸೇಜ್ ವಿಫಲವಾದವುಗಳನ್ನ ಎತ್ತಿಡೋ ಡೆಡ್ ಲೆಟರ್ ಕ್ಯೂ ಸೇರಬಹುದು. ಅದಕ್ಕೇ ಎರಡು ನಿಮಿಷ ಇಟ್ಟು, ಕೆಲಸ ಸಾಗುತ್ತಿರುವವರೆಗೆ ನಿಮಿಷಕ್ಕೊಮ್ಮೆ ವಿಸ್ತರಿಸಿ:

```
aws sqs change-message-visibility --queue-url "$Q" \
  --receipt-handle "$H" --visibility-timeout 120
```

ಆ 120 ಲೆಕ್ಕವಾಗೋದು ಈ ಕರೆ ಹೋದ ಕ್ಷಣದಿಂದ. ಮೊದಲು ಎತ್ತಿಕೊಂಡಾಗಿನಿಂದ ಒಟ್ಟು 12 ಗಂಟೆ ದಾಟುವಂತಿಲ್ಲ. ವರ್ಕರ್ ಸತ್ತರೆ ಈ ಕರೆಯೂ ನಿಲ್ಲುತ್ತೆ, ಹೆಚ್ಚೆಂದರೆ ಎರಡು ನಿಮಿಷದಲ್ಲಿ ಮೆಸೇಜ್ ಬೇರೆಯವರ ಕೈಗೆ. ಒಂದೇ ಎಚ್ಚರಿಕೆ: ಇದನ್ನ ಪ್ರತ್ಯೇಕ ಥ್ರೆಡ್‌ನಲ್ಲಿ ಕಣ್ಣುಮುಚ್ಚಿ ಓಡಿಸಬೇಡಿ. ಕೆಲಸದ ಥ್ರೆಡ್ ಎಲ್ಲೋ ಸಿಕ್ಕಿಕೊಂಡು ನಿಂತಿದ್ದರೂ ಇದು ತನ್ನ ಪಾಡಿಗೆ ವಿಸ್ತರಿಸ್ತಾನೇ ಇರುತ್ತೆ. ಕೆಲಸ ಒಂದು ಹಂತ ಮುಂದೆ ಹೋಗಿದೆಯಾ ಅಂತ ನೋಡಿಕೊಂಡೇ ವಿಸ್ತರಿಸಬೇಕು.