ಕಿಟಕಿ ಇರುವ ಕೊಠಡಿ

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಹರ್ನಿಯಾ ಶಸ್ತ್ರಚಿಕಿತ್ಸೆಗೆ ದಾಖಲಾದ ನಮ್ಮ ಸೋದರಮಾವನವರು, ರಸ್ತೆಯಲ್ಲಿ ಯಾರು ಹೋದರು ಯಾರು ಬಂದರು ಎಂಬುದು ತಿಳಿಯದಿದ್ದರೆ ಗಾಯ ಮಾಯುವುದಿಲ್ಲವೆಂದು ಹಟ ಹಿಡಿದು, ದಿನಕ್ಕೆ 4,000 ರೂಪಾಯಿಯ ಕಿಟಕಿ ಇರುವ ಕೊಠಡಿಯನ್ನೇ ಪಡೆದರು. ಅವರ ವಿಮೆ ಮೂರು ಲಕ್ಷದ್ದು. ಬಾಡಿಗೆಯ ಮಿತಿ ಅದರ ಶೇಕಡಾ 1, ಅಂದರೆ ದಿನಕ್ಕೆ 3,000.

ನಾಲ್ಕು ದಿನಗಳ ಬಾಡಿಗೆಯಲ್ಲಿ ನಾಲ್ಕು ಸಾವಿರ ಕಡಿತವಾಗಬಹುದೆಂದು ನಾವು ಎಣಿಸಿದ್ದೆವು. ಆದರೆ ವಿಮಾ ಕಂಪನಿಯವರು, ಅರ್ಹತೆ ಮುಕ್ಕಾಲು ಭಾಗದಷ್ಟೇ ಆದ್ದರಿಂದ ಇಡೀ ಬಿಲ್ಲಿಗೂ ಮುಕ್ಕಾಲು ಭಾಗವೇ ಸಲ್ಲುತ್ತದೆ ಎಂದು 1,20,000ದಲ್ಲಿ 30,000 ಕಡಿದುಹಾಕಿದರು.

"ಕಿಟಕಿ ಸರಿಯಾಗಿ ಮುಚ್ಚುತ್ತಲೂ ಇರಲಿಲ್ಲ ಅಂತ ಬರಿಯೋ," ಎಂದು ಮಾವ ಮಲಗಿದಲ್ಲಿಂದಲೇ ಆದೇಶಿಸಿದರು. ನಾನು ಪಾಲಿಸಿಯ ಪುಸ್ತಿಕೆ ತೆರೆದೆ. ಕೊಠಡಿಯ ದರ್ಜೆ ಏರಿದಂತೆ ವೈದ್ಯರ ಶುಲ್ಕವನ್ನೂ ಏರಿಸುವ ಆಸ್ಪತ್ರೆಗಳಲ್ಲಿ ಇಂಥ ಅನುಪಾತದ ಕಡಿತಕ್ಕೆ ಅವಕಾಶವಿದೆ. ನಮ್ಮ ಆಸ್ಪತ್ರೆ ಈ ವಿಷಯದಲ್ಲಿ ಬಹಳ ಶಿಸ್ತಿನದು. "ರೂಮ್ ಏರಿದರೆ ಡಾಕ್ಟರ್ ಫೀಸೂ ಏರುತ್ತೆ ಸರ್," ಎಂದು ಬಿಲ್ಲಿಂಗ್ ಕೌಂಟರಿನ ಹುಡುಗ ಹೆಮ್ಮೆಯಿಂದಲೇ ಹೇಳಿದ. ಆದರೆ ಔಷಧಿ, ದೇಹದೊಳಗೆ ಇಡುವ ಸಾಧನ, ರಕ್ತಪರೀಕ್ಷೆಯಂಥ ತಪಾಸಣೆಗಳಿಗೆ ಈ ಕಡಿತ ತಗುಲಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2020ರಲ್ಲೇ ಹೇಳಿದ್ದು, ಪುಸ್ತಿಕೆಯಲ್ಲೂ ಅದು ಅಚ್ಚಾಗಿತ್ತು. ಕಿಟಕಿಯ ಪಕ್ಕ ಕುಳಿತು ನುಂಗಿದ ಮಾತ್ರೆಗೂ ಗೋಡೆ ನೋಡುತ್ತ ನುಂಗಿದ ಮಾತ್ರೆಗೂ ಬೆಲೆ ಒಂದೇ ಎಂಬುದನ್ನು ಪ್ರಾಧಿಕಾರವು ಒಪ್ಪಿದೆಯೆಂದಾಯಿತು.

ತೊಡಕಿದ್ದದ್ದು ಬಿಲ್ಲಿನಲ್ಲಿ. ಬಾಡಿಗೆ 16,000 ಮತ್ತು ಪರೀಕ್ಷೆ 8,000 ಬಿಟ್ಟರೆ ಉಳಿದದ್ದೆಲ್ಲ 'ಓ.ಟಿ. ಪ್ಯಾಕೇಜ್ 96,000' ಎಂಬ ಒಂದೇ ಸಾಲಿನಲ್ಲಿ ಅಡಗಿ ಕುಳಿತಿತ್ತು. ಅದನ್ನು ಬಿಡಿಸಿ ಕೊಡಿರೆಂದಾಗ ಹುಡುಗನ ಹೆಮ್ಮೆ ಕರಗಿತು, ಸಿಸ್ಟಮ್, ಸರ್ವರ್, ಊಟಕ್ಕೆ ಹೋದ ಮ್ಯಾನೇಜರ್ ಎಂಬ ಮೂರು ದೇವರಿಗೂ ಕೈಮುಗಿದ ಬಳಿಕ ಮೊಹರು ಬಿದ್ದ ವಿವರಪಟ್ಟಿ ಹೊರಬಂತು: ವೈದ್ಯರು, ಅರಿವಳಿಕೆ, ಶಸ್ತ್ರಚಿಕಿತ್ಸಾ ಕೊಠಡಿ ಸೇರಿ 60,000, ಔಷಧಿ 24,000, ಹೊಟ್ಟೆಯ ಗೋಡೆಗೆ ಹೊಲಿದ ಮೆಶ್ ಎಂಬ ಬಲೆ 12,000. ಮೆಶ್‌ನ ಖರೀದಿ ಬಿಲ್ಲನ್ನೂ ಅದರ ಬ್ಯಾಚ್ ಸಂಖ್ಯೆಯ ಸ್ಟಿಕ್ಕರನ್ನೂ ಕೇಳಿ ಪಡೆದೆ.

ಕ್ಲೇಮ್ ಸಂಖ್ಯೆ ನಮೂದಿಸಿ ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದ ಪತ್ರದಲ್ಲಿ, ಬಾಡಿಗೆ ಮತ್ತು ಶುಲ್ಕ ಸೇರಿದ 76,000ಕ್ಕೆ ಶೇಕಡಾ 25ರಂತೆ 19,000 ಕಡಿತವನ್ನು ಒಪ್ಪುತ್ತೇವೆಂದೂ, ಔಷಧಿ, ಮೆಶ್, ಪರೀಕ್ಷೆಗಳ 44,000ದಲ್ಲಿ ಮುರಿದುಕೊಂಡ 11,000ವನ್ನು ಮರುಪರಿಶೀಲಿಸಬೇಕೆಂದೂ ಕೋರಿದೆ. ನ್ಯಾಯವಾದ ಕಡಿತವನ್ನು ಮೊದಲೇ ಒಪ್ಪಿದ್ದು ಮಾವನವರಿಗೆ ಹೇಡಿತನವಾಗಿ ಕಂಡಿತು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ವಿಮೆಯ ದೂರುಗಳನ್ನು ಕೇಳುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಅವರ ಬಳಿ ಹೋಗುವ ದಾರಿ ಇತ್ತು. ಮಾವನವರು ಅದಕ್ಕೆಂದು ಅಂಗಿ ಇಸ್ತ್ರಿ ಮಾಡಿಸಿಟ್ಟೂ ಆಗಿತ್ತು. ಅಷ್ಟರೊಳಗೆ ಹನ್ನೊಂದು ಸಾವಿರ ಖಾತೆಗೆ ಬಂದುಬಿಟ್ಟಿದ್ದರಿಂದ ಅವರಿಗೆ ತುಸು ನಿರಾಸೆಯೇ ಆಯಿತು.