ಅವರು ಒಪ್ಪಿದ್ದಾರಂತೆ

“ಅವರು ಒಪ್ಪಿದ್ದಾರಂತೆ, ಆದರೆ ಅದನ್ನು ನಾಳೆಯೊಳಗೆ ಇವರಿಗೆ ಕೊಡಬೇಕಂತೆ. ನಮ್ಮವರಿಗೂ ತಿಳಿಸಿಬಿಡಿ.” ಸೋಮವಾರ ರಾತ್ರಿ ಕಚೇರಿಯ ವಾಟ್ಸಾಪ್ ಗುಂಪೊಂದರಲ್ಲಿ ಹುಟ್ಟಿದ ಇಂತಹ ಸಂದೇಶವು ಹಲವು ಗುಂಪುಗಳನ್ನು ದಾಟಿ ಬುಧವಾರ ಬೆಳಿಗ್ಗೆ ನಮ್ಮ ಕೈಸೇರಿದಾಗ, ಅದರಲ್ಲಿ ವ್ಯಾಕರಣದೋಷ ಒಂದೂ ಇಲ್ಲವೆಂಬುದನ್ನು ಮೊದಲು ಮೆಚ್ಚಿಕೊಳ್ಳಬೇಕು. ಅರ್ಥವೊಂದನ್ನು ಬಿಟ್ಟು ಮಿಕ್ಕೆಲ್ಲವೂ ಕ್ಷೇಮವಾಗಿ ತಲುಪಿರುತ್ತದೆ.

ಬರೆದವರೂ ಮೊದಲು ಓದಿದವರೂ ಒಂದೇ ಸಭೆಯಿಂದ ಎದ್ದು ಬಂದವರಾದ್ದರಿಂದ ಅವರಿಬ್ಬರಿಗೆ ಇಷ್ಟು ಸಾಕಾಗಿತ್ತು. ಆದರೆ ಫಾರ್ವರ್ಡ್ ಗುಂಡಿಯು ವಾಕ್ಯವನ್ನಷ್ಟೇ ಹೊತ್ತೊಯ್ಯುತ್ತದೆ. ಅದನ್ನು ಮೊದಲು ಬರೆದವರು ಯಾರು, ಬರೆದದ್ದು ಯಾವ ದಿನ ಎಂಬುದು ಅಲ್ಲಿಯೇ ಉಳಿಯುತ್ತದೆ. ಹೀಗಾಗಿ ‘ನಾಳೆ’ ಎಂಬುದು ಪ್ರತಿ ಓದುಗನಿಗೂ ಹೊಸದಾಗಿ ಒದಗುವ ಗಡುವು. ‘ಅವರು’ ಒಬ್ಬರೋ ಹತ್ತು ಜನರೋ, ಗಂಡಸೋ ಹೆಂಗಸೋ, ಅಥವಾ ಗೌರವಕ್ಕಾಗಿ ಬಹುವಚನ ಪಡೆದ ಒಬ್ಬ ಮೇಲಧಿಕಾರಿಯೋ ಎಂಬುದನ್ನು ಓದುಗನು ತನ್ನ ಭಯಕ್ಕೆ ತಕ್ಕಂತೆ ನಿರ್ಧರಿಸಿಕೊಳ್ಳುತ್ತಾನೆ. ‘ನಮ್ಮವರು’ ಪ್ರತಿ ಗುಂಪಿನಲ್ಲೂ ಬದಲಾಗುತ್ತಾರೆ.

ಇದನ್ನು ತಿದ್ದುವ ಪುಣ್ಯಾತ್ಮರೂ ಇದ್ದಾರೆ; ಅವರಿಂದಾಗುವ ಅನಾಹುತವೇ ಹೆಚ್ಚು. ‘ಅವರು’ ಇದ್ದಲ್ಲಿ ‘ನಿರ್ದೇಶಕರು’ ಎಂದು ಊಹಿಸಿ ಬರೆದು, ‘ಒಪ್ಪಿದ್ದಾರಂತೆ’ ಎಂಬುದರ ಬಾಲದಲ್ಲಿದ್ದ ‘ಅಂತೆ’ಯನ್ನು ಅಶಿಸ್ತೆಂದು ಕತ್ತರಿಸಿದರೆ, ಕಾರಿಡಾರಿನ ಸುದ್ದಿ ಒಂದೇ ಏಟಿಗೆ ಆದೇಶವಾಗಿ ಬಡ್ತಿ ಪಡೆಯುತ್ತದೆ. ಆ ಸಂದೇಶದಲ್ಲಿ ಪ್ರಾಮಾಣಿಕವಾಗಿದ್ದುದು ಆ ‘ಅಂತೆ’ಯೊಂದೇ ಎಂಬುದು ನನ್ನ ಅಭಿಪ್ರಾಯ. ಅದನ್ನು ತೆಗೆಯುವ ಮುನ್ನ ಹೇಳಿದವರ ಗುರುತನ್ನು ಅಲ್ಲಿ ಕೂರಿಸಬೇಕು. ಅದಕ್ಕಾಗಿ ಕಳುಹಿಸಿದವರನ್ನು ಕೇಳಬೇಕು. ಕೇಳುವುದು ಅವಮಾನವೆಂದು ಭಾವಿಸುವವರು ಊಹೆಯನ್ನು ಊಹೆಯೆಂದಾದರೂ ಬರೆಯಬಹುದು.

ಕೇಳಿ ತಿಳಿದು ಬರೆದದ್ದು ಹೀಗಿರುತ್ತದೆ: “ತರಬೇತಿಯ ಖರ್ಚಿಗೆ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು ಒಪ್ಪಿದ್ದಾರೆಂದು ಅವರ ಆಪ್ತ ಸಹಾಯಕರು ಸೋಮವಾರ ಫೋನಿನಲ್ಲಿ ತಿಳಿಸಿದರು, ಲಿಖಿತ ಒಪ್ಪಿಗೆ ಇನ್ನೂ ಬಂದಿಲ್ಲ. ತರಬೇತಿಗೆ ಹೋಗುವವರ ಪಟ್ಟಿಯನ್ನು ಮಾರ್ಚ್ 12, ಮಂಗಳವಾರ ಸಂಜೆ 5 ಗಂಟೆಯೊಳಗೆ ಖರೀದಿ ವಿಭಾಗಕ್ಕೆ ಕೊಡಬೇಕು. ಇದು ಮಾರಾಟ ವಿಭಾಗದ ಸಿಬ್ಬಂದಿಗೆ ಮಾತ್ರ ಅನ್ವಯಿಸುತ್ತದೆ.” ಇದರಲ್ಲಿ ಉಳಿದಿರುವ ‘ಅವರ’ ಎಂಬುದಕ್ಕೆ ಒಡೆಯರು ಅದೇ ವಾಕ್ಯದಲ್ಲಿ, ಎರಡೇ ಪದ ಹಿಂದೆ ನಿಂತಿದ್ದಾರೆ, ಸರ್ವನಾಮಕ್ಕೆ ಅಷ್ಟು ಸಲುಗೆ ಸಾಕು. ಬುಧವಾರ ಓದಿದವನಿಗೆ ಗಡುವು ಮುಗಿದಿದೆಯೆಂದು ಸ್ಪಷ್ಟವಾಗಿ ತಿಳಿಯುತ್ತದೆ. ಈ ಬಗೆಯ ಬರವಣಿಗೆ ಜನಪ್ರಿಯವಾಗದಿರಲು ಬಹುಶಃ ಅದೇ ಕಾರಣ: ಗೊಂದಲವಿದ್ದಷ್ಟು ದಿನ ತಪ್ಪು ಯಾರದೂ ಅಲ್ಲ.

ಇಷ್ಟು ಶ್ರಮದ ನಂತರ ಆ ಸಂದೇಶವನ್ನು ಗುಂಪಿಗೆ ಹಾಕಿದರೆ, ಜವಾಬ್ದಾರಿಯುತ ಸದಸ್ಯರೊಬ್ಬರು ಅದರ ಕೆಳಗೆ “ಮೇಲಿನದನ್ನು ಎಲ್ಲರೂ ತಪ್ಪದೆ ಪಾಲಿಸಿ” ಎಂದು ಬರೆಯುತ್ತಾರೆ. ಮುಂದಿನ ಗುಂಪಿಗೆ ಫಾರ್ವರ್ಡ್ ಆಗುವುದು ಆ ಸಾಲು ಮಾತ್ರ.